ಆರನೇ ಗೇರಲ್ಲಿ ಜಾರುವ ಚೈನು: ಒಂದು ರಿಪೇರಿ, ಒಂದು ಹುಡುಗಿ, ನೂರೆಂಟು ಪ್ರಶ್ನೆ

ಭಾನುವಾರ ಬೆಳಗ್ಗೆ ಒಂಬತ್ತರ ಹೊತ್ತಿಗೆ ಅಪ್ಪ ಮಗಳು ಇಬ್ಬರೂ ಸೈಕಲ್ ತಳ್ಳಿಕೊಂಡು ಶಾಪಿಗೆ ಬಂದರು. ಚಾಮುಂಡಿ ಬೆಟ್ಟಕ್ಕೆ ಅಂತ ಹೊರಟವರು ಮೊದಲನೇ ಏರಿಗೇ ಸೋತು ವಾಪಸ್ಸಾಗಿದ್ದರು. ಅಪ್ಪನ ಸೈಕಲ್ಲು ಚೆನ್ನಾಗೇ ಇತ್ತು. ಮಗಳದ್ದು ಮುಂದೆ ಒಂದೇ ಚೈನ್‌ವೀಲ್, ಹಿಂದೆ ಏಳು ಗೇರು ಇರುವ 26 ಇಂಚಿನ ಸೈಕಲ್ಲು. ಜೋರಾಗಿ ತುಳಿದಾಗಲೆಲ್ಲ ಚೈನು ಕಟ್ಟಂತ ಹಾರುತ್ತಿತ್ತಂತೆ. ಒಂದು ಸಲ ಪೆಡಲ್ ಸರ್ರನೆ ಕೆಳಗಿಳಿದು ಮೊಣಕಾಲು ಹ್ಯಾಂಡಲ್ಲಿಗೆ ಬಡಿದು ಕೆಂಪಾಗಿತ್ತು.

"ಚೈನು ಸ್ವಲ್ಪ ಟೈಟ್ ಮಾಡ್ಕೊಡಿ ಸಾಕು" ಅಂದರು ಅಪ್ಪ.

ಹತ್ತು ಜನದಲ್ಲಿ ಒಂಬತ್ತು ಜನ ಹೀಗೇ ಹೇಳುತ್ತಾರೆ. ಗೇರ್ ಸೈಕಲ್ಲಲ್ಲಿ ಚೈನು ಟೈಟ್ ಮಾಡುವುದು ಅಂತ ಒಂದು ಕೆಲಸವೇ ಇಲ್ಲ. ಹಿಂದೆ ಎರಡು ಪುಟ್ಟ ಚಕ್ರ ಇಟ್ಟುಕೊಂಡು ನೇತಾಡುವ ತೋಳಿದೆಯಲ್ಲ, ಅದರ ಸ್ಪ್ರಿಂಗೇ ಚೈನನ್ನು ಸದಾ ಎಳೆದು ಹಿಡಿದಿರುತ್ತದೆ. ಟೈಟ್ ಮಾಡುವುದೇನಿದ್ದರೂ ಗೇರಿಲ್ಲದ ಸೈಕಲ್ಲಿಗೆ. ಅದನ್ನು ಹೇಳುವ ಮೊದಲೇ ಅಪ್ಪ ಎದುರಿನ ಹೋಟೆಲ್ಲಿಗೆ ಕಾಫಿಗೆ ಹೋಗಿಯಾಗಿತ್ತು. ಹುಡುಗಿ ಮಾತ್ರ ನಿಂತೇ ಇದ್ದಳು, ಆರನೇ ಕ್ಲಾಸಂತೆ.

"ಯಾವ ಗೇರಲ್ಲಿ ಓಡಿಸ್ತಿದ್ದೆ ಪುಟ್ಟಿ?"

"ಯಾವಾಗ್ಲೂ ಆರರಲ್ಲೇ, ತಾತ. ಅಣ್ಣ ಕೊಟ್ಟಾಗ ಆರರಲ್ಲೇ ಇತ್ತು. ಬದಲಾಯಿಸಿದ್ರೆ ಚೈನು ಬಿದ್ದೋಗತ್ತೆ, ಮುಟ್ಬೇಡ ಅಂದಿದ್ದ."

ಅರ್ಧ ರಿಪೇರಿ ಅಲ್ಲೇ ಮುಗಿಯಿತು ಅನ್ನಿಸಿತು ನನಗೆ. ಆದರೂ ಕೈಯಿಟ್ಟು ನೋಡದೆ ಹೇಳಬಾರದು.

ಜಾರುವುದು ಯಾವುದು ಅಂತ ಮೊದಲು ಗೊತ್ತಾಗಬೇಕು

"ಚೈನು ಜಾರತ್ತೆ" ಅಂತ ಜನ ಹೇಳುವುದು ಮೂರು ಬೇರೆ ಬೇರೆ ಕಾಯಿಲೆಗೆ. ಚೈನು ಹಲ್ಲು ಬಿಟ್ಟು ಪೂರ್ತಿ ಆಚೆ ಬೀಳುವುದು ಒಂದು. ಬೀಳದೆ ಹಲ್ಲಿನ ಮೇಲೇ ಕಟ್ಟಂತ ಒಂದು ಹೆಜ್ಜೆ ಹಾರುವುದು ಇನ್ನೊಂದು. ಮೂರನೆಯದರಲ್ಲಿ ಚೈನು ಹಲ್ಲಿನ ಮೇಲೆ ನೆಟ್ಟಗೇ ಕೂತಿರುತ್ತದೆ, ಆದರೆ ತುಳಿದರೆ ಪೆಡಲ್ ಖಾಲಿ ತಿರುಗುತ್ತದೆ, ಚಕ್ರಕ್ಕೆ ಬಲ ಹೋಗುವುದಿಲ್ಲ. ಅದು ಹಿಂದಿನ ಹಲ್ಲುಚಕ್ರಗಳ ಗಡ್ಡೆಯಾದ ಫ್ರೀವೀಲ್ ಒಳಗಿನ ಕೊಕ್ಕೆಗಳು ಹಿಡಿಯದೆ ಇರುವುದು. ತುಳಿಯುವುದು ನಿಲ್ಲಿಸಿ ಹಾಗೇ ಓಡುವಾಗ ಟಿಕ್ ಟಿಕ್ ಅನ್ನುತ್ತವಲ್ಲ, ಅವೇ ಕೊಕ್ಕೆಗಳು.

ಗೊತ್ತು ಮಾಡಿಕೊಳ್ಳಲು ಸುಲಭದ ದಾರಿ ಇದೆ. ಹುಡುಗಿಗೆ ಹಿಂದಿನ ಬ್ರೇಕ್ ಬಿಗಿಯಾಗಿ ಹಿಡಿದುಕೊಳ್ಳಲು ಹೇಳಿದೆ. ಪೆಡಲ್ಲನ್ನು ಮುಂದಕ್ಕೆ ತಂದು ಅಂಗೈಯಿಂದ ಮೈಭಾರ ಹಾಕಿ ಒತ್ತಿದೆ. ಚಕ್ರ ನಿಂತಿದೆ, ಹಿಂದಿನ ಹಲ್ಲುಚಕ್ರವೂ ನಿಂತಿದೆ, ಚೈನು ಮಾತ್ರ ಹಲ್ಲಿನ ಬೆನ್ನು ಹತ್ತಿ ಕಟ್ಟಂತ ಮುಂದಿನ ಹಲ್ಲಿಗೆ ಹಾರಿತು. ಹಲ್ಲುಚಕ್ರವೂ ಚೈನಿನ ಜೊತೆ ತಿರುಗಿಬಿಟ್ಟಿದ್ದರೆ ಫ್ರೀವೀಲ್ ಕೊಕ್ಕೆಯ ತಪ್ಪು ಅಂತಾಗುತ್ತಿತ್ತು.

ಗೇರನ್ನು ನಾಲ್ಕಕ್ಕೆ ಹಾಕಿ ಹಾಗೇ ಒತ್ತಿದೆ. ಹಾರಲಿಲ್ಲ. ಎರಡಕ್ಕೆ ಹಾಕಿದೆ, ಹಾರಲಿಲ್ಲ. ಮತ್ತೆ ಆರಕ್ಕೆ ತಂದರೆ ಕಟ್.

ಇನ್ನೊಂದು ಅನುಮಾನವನ್ನೂ ಕಳೆದುಕೊಳ್ಳಬೇಕಿತ್ತು. ಮಳೆಯಲ್ಲಿ ನೆನೆದ ಚೈನಲ್ಲಿ ಒಂದು ಕೀಲು ತುಕ್ಕು ಹಿಡಿದು ಬಗ್ಗದೆ ನಿಂತುಬಿಡುತ್ತದೆ, ಅದೂ ಹಾರಿಸುತ್ತದೆ. ಆದರೆ ಅದಕ್ಕೊಂದು ತಾಳ ಇರುತ್ತದೆ. ಈ ಚೈನಲ್ಲಿ 106 ಕೊಂಡಿ, ಮುಂದಿನ ಚೈನ್‌ವೀಲಲ್ಲಿ 42 ಹಲ್ಲು. ಅಂದರೆ ಪೆಡಲ್ ಎರಡೂವರೆ ಸುತ್ತು ಬಂದಾಗೊಮ್ಮೆ ಚೈನು ಪೂರಾ ಒಂದು ಸುತ್ತು ಬರುತ್ತದೆ. ಸರಿಯಾಗಿ ಎರಡೂವರೆ ಸುತ್ತಿಗೊಮ್ಮೆ ಕಟ್ ಅಂದರೆ ಬಿಗಿದ ಕೀಲು ಅಂತಲೇ ಲೆಕ್ಕ. ಪೆಡಲ್ ನಿಧಾನ ಹಿಂದಕ್ಕೆ ತಿರುಗಿಸಿ, ಚೈನು ಆ ಪುಟ್ಟ ಚಕ್ರಗಳನ್ನು ದಾಟುವಾಗ ನೋಡಿದರೆ ಆ ಕೀಲು ಸೊಟ್ಟಗೆ ನಿಂತು ತೋಳನ್ನೇ ಕುಣಿಸುತ್ತದೆ. ಇಲ್ಲಿ ಹಾಗೇನೂ ಕಾಣಲಿಲ್ಲ. ಎಲ್ಲ ಗೇರಲ್ಲೂ ಚೆನ್ನಾಗಿದ್ದು, ಆರರಲ್ಲಿ ಮಾತ್ರ, ಅದೂ ಭಾರ ಬಿದ್ದಾಗ ಮಾತ್ರ ಹಾರುತ್ತದೆ. ಅಂದರೆ ಸವೆತ.

"ತಾತ, ಗೇರ್ ಅಂದ್ರೆ ನಿಜವಾಗ್ಲೂ ಏನು?"

ಸ್ಪ್ಯಾನರ್ ಹುಡುಕುತ್ತಿದ್ದವನಿಗೆ ಈ ಪ್ರಶ್ನೆ ಬಂತು. ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ಕೈಗೆ ಚಾಕ್‌ಪೀಸ್ ಕೊಟ್ಟೆ.

"ಮುಂದಿನ ಚೈನ್‌ವೀಲಲ್ಲಿ ಒಂದು ಹಲ್ಲಿಗೆ ಬಿಳಿ ಬಳಿ. ಅಲ್ಲಿಂದ ಶುರು ಮಾಡಿ ಎಲ್ಲಾ ಹಲ್ಲು ಎಣಿಸು."

42 ಅಂದಳು. ಹಿಂದಿನವನ್ನೂ ಎಣಿಸಿದಳು. ಚಿಕ್ಕದರಿಂದ ದೊಡ್ಡದಕ್ಕೆ 14, 16, 18, 20, 22, 24, 28. ಏಳನೇ ಗೇರು 14 ಹಲ್ಲಿನದ್ದು, ಆರನೆಯದು 16, ಒಂದನೆಯದು 28.

ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ಚೈನನ್ನು 14ಕ್ಕೆ ಹಾಕಿ, ಹಿಂದಿನ ಟೈರಿನ ಮೇಲೂ ಒಂದು ಗೆರೆ ಎಳೆಸಿದೆ. "ಈಗ ಪೆಡಲ್ ಒಂದೇ ಒಂದು ಸುತ್ತು, ನಿಧಾನಕ್ಕೆ. ಇನ್ನೊಂದು ಕೈ ಟೈರ್ ಮೇಲೆ ಹಗುರಕ್ಕೆ ಇಟ್ಟಿರು, ಇಲ್ಲಾಂದ್ರೆ ಚಕ್ರ ತಾನೇ ಮುಂದಕ್ಕೆ ಓಡಿಬಿಡತ್ತೆ. ಬಿಳಿ ಗೆರೆ ಎಷ್ಟು ಸಲ ಬಂತು?"

"ಮೂರು!"

"ಈಗ 28ಕ್ಕೆ."

"ಒಂದು... ಒಂದೂವರೆ."

"42ನ್ನ 14ರಿಂದ ಭಾಗಿಸು. 28ರಿಂದ ಭಾಗಿಸು."

ಕಣ್ಣರಳಿತು. ಅಷ್ಟೇ ಗೇರು, ಅದಕ್ಕಿಂತ ಹೆಚ್ಚಿನ ಗುಟ್ಟೇನಿಲ್ಲ. ಆದರೆ ಅವಳು ಅಲ್ಲಿಗೇ ಬಿಡಲಿಲ್ಲ. "ಮುಂದೆ ದೊಡ್ಡದಿದ್ರೆ ತುಳಿಯೋಕೆ ಕಷ್ಟ ಅಂತ ಅಣ್ಣ ಹೇಳ್ತಾನೆ. ಹಿಂದೆ ದೊಡ್ಡದಿದ್ರೆ ಸುಲಭ ಅಂತೀರಿ. ಯಾಕೆ ಉಲ್ಟಾ?"

ದೊಡ್ಡವರೂ ತಡವರಿಸುವ ಪ್ರಶ್ನೆ ಇದು. ಚೈನನ್ನು ಬೆರಳಲ್ಲಿ ತೋರಿಸಿದೆ. "ಚೈನು ಒಂದು ಹಲ್ಲಿಗೆ ಒಂದು ಕೊಂಡಿಯಂತೆ ಹೋಗತ್ತೆ. ಮುಂದಿನ ಚಕ್ರ ಒಂದು ಸುತ್ತಿಗೆ 42 ಕೊಂಡಿ ಕಳಿಸ್ತು. ಅದು ಕೊಡೋದು. ಹಿಂದಿನದು ಇಸ್ಕೊಳ್ಳೋದು. 14 ಹಲ್ಲಿನ ಚಿಕ್ಕ ಚಕ್ರಕ್ಕೆ 14 ಕೊಂಡಿ ಬಂದ್ರೆ ಒಂದು ಸುತ್ತು ಆಗೋಯ್ತು. 42 ಬಂದ್ರೆ ಮೂರು ಸುತ್ತು ಹೊಡೀಲೇಬೇಕು. ದೊಡ್ಡ ಚಕ್ರಕ್ಕೆ ಒಂದು ಸುತ್ತಿಗೇ 28 ಬೇಕು, ಹಾಗಾಗಿ ಒಂದೂವರೆ ಸುತ್ತಲ್ಲೇ ಮುಗೀತು."

"ಹಿಂದಿನ ಚಕ್ರ ಕಮ್ಮಿ ತಿರುಗಿದ್ರೆ ನಮಗೇನು ಲಾಭ?"

ಶಾಪಿನ ನೆಲದ ಮೇಲೆ ಟೇಪ್ ಹಾಸಿದೆ. ಈ ಸೈಕಲ್ಲಿನ ಟೈರು ಒಂದು ಸುತ್ತು ಉರುಳಿದರೆ ಸುಮಾರು 2 ಮೀಟರ್ 5 ಸೆಂಟಿಮೀಟರ್. ಏಳನೇ ಗೇರಲ್ಲಿ ಪೆಡಲ್ ಒಂದು ಸುತ್ತಿಗೆ ಅದರ ಮೂರರಷ್ಟು, 6 ಮೀಟರಿಗಿಂತ ಸ್ವಲ್ಪ ಹೆಚ್ಚು. ಒಂದನೇ ಗೇರಲ್ಲಿ 3 ಮೀಟರ್ ಚಿಲ್ಲರೆ. "ಐವತ್ತು ಕೇಜಿ ಅಕ್ಕಿ ಮಹಡಿಗೆ ಸಾಗಿಸ್ಬೇಕು ಅಂದ್ಕೋ. ಒಂದೇ ಸಲ ಹೊರಬಹುದು, ಇಲ್ಲಾ ಇಪ್ಪತ್ತೈದು ಕೇಜಿಯಂತೆ ಎರಡು ಸಲ ಹತ್ತಿಳೀಬಹುದು. ಅಕ್ಕಿ ಅಷ್ಟೇ, ಮೆಟ್ಟಿಲೂ ಅಷ್ಟೇ. ಒಂದನೇ ಗೇರು ಅಂದ್ರೆ ಎರಡು ಸಲ ಹೊರೋದು. ಏರಲ್ಲಿ ಅದೇ ಆರು ಮೀಟರಿಗೆ ಎರಡು ಸುತ್ತು ತುಳೀತೀಯ, ಆದ್ರೆ ಪ್ರತಿ ತುಳಿತದಲ್ಲೂ ಅರ್ಧ ಬಲ ಸಾಕು."

"ಹಾಗಾದ್ರೆ ಯಾವಾಗ್ಲೂ ಒಂದನೇ ಗೇರಲ್ಲೇ ಓಡಿಸ್ಬಹುದಲ್ಲ?"

"ಓಡ್ಸು ನೋಡೋಣ. ಸೆಕೆಂಡಿಗೆ ಒಂದು ಸುತ್ತು ತುಳಿದ್ರೆ ಒಂದನೇ ಗೇರಲ್ಲಿ ಗಂಟೆಗೆ 11 ಕಿಲೋಮೀಟರ್ ವೇಗ. ಏಳರಲ್ಲಿ ಅದೇ ಕಾಲು, ಅದೇ ಸುತ್ತು, 22 ಕಿಲೋಮೀಟರ್. ಸ್ಕೂಲ್ ಬೆಲ್ ಹೊಡೆಯೋ ಹೊತ್ತಿಗೆ ನೀನು ಅರ್ಧ ದಾರೀಲಿ ಕಾಲು ಕುಣಿಸ್ತಾ ಇರ್ತೀಯ."

ನನ್ನ ಹಳೇ ಕರಿ ಸೈಕಲ್ಲು ಪಕ್ಕದಲ್ಲೇ ಒರಗಿತ್ತು. ಅದರದ್ದೂ ಎಣಿಸಿದಳು. ಮುಂದೆ 44, ಹಿಂದೆ 18. ಅದರ ದೊಡ್ಡ ಚಕ್ರ ಸುತ್ತಿಗೆ ಸುಮಾರು 2 ಮೀಟರ್ 20 ಸೆಂಟಿಮೀಟರ್ ಉರುಳುತ್ತದೆ. ಲೆಕ್ಕ ಹಾಕಿದರೆ ಪೆಡಲ್ಲಿನ ಒಂದು ಸುತ್ತಿಗೆ 5 ಮೀಟರ್ 38 ಸೆಂಟಿಮೀಟರ್ ಆಯಿತು. ಅವಳ ಆರನೇ ಗೇರಿನ ಲೆಕ್ಕವನ್ನೂ ತಾನೇ ಹಾಕಿದಳು, 42 ಭಾಗಿಸು 16, ಗುಣಿಸು 2.05. ಅದೂ 5 ಮೀಟರ್ 38.

"ತಾತ! ನಿಮ್ಮ ಸೈಕಲ್ಲು ಯಾವಾಗ್ಲೂ ನನ್ನ ಆರನೇ ಗೇರಲ್ಲೇ ಓಡತ್ತೆ!"

ಇಷ್ಟು ವರ್ಷ ಆ ಸೈಕಲ್ ತುಳಿದವನಿಗೆ ಹಾಗೆ ಯಾವತ್ತೂ ಹೊಳೆದಿರಲಿಲ್ಲ. ಅವಳೂ ಅಷ್ಟೇ, ಏಳು ಗೇರಿಗೆ ದುಡ್ಡು ಕೊಟ್ಟು ನನ್ನ ಕರಿ ಸೈಕಲ್ಲನ್ನೇ ಓಡಿಸುತ್ತಿದ್ದಳು, ಅದನ್ನೇ ಬೆಟ್ಟಕ್ಕೂ ಹತ್ತಿಸಲು ಹೋಗಿದ್ದಳು.

ಚೈನು ಉದ್ದ ಆಗುವುದು ಎಲ್ಲಿಂದ

ಸ್ಟೀಲ್ ಸ್ಕೇಲ್ ತೆಗೆದೆ. ಪ್ಲಾಸ್ಟಿಕ್ಕಿನದ್ದೋ ದರ್ಜಿ ಟೇಪೋ ಬೇಡ. ಸೈಕಲ್ ಚೈನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಕರಿ ಸೈಕಲ್ಲಿಗೂ ಅಷ್ಟೇ, ಗೇರ್ ಸೈಕಲ್ಲಿಗೂ ಅಷ್ಟೇ. ಹಾಗಾಗಿ ಹೊಸ ಚೈನಲ್ಲಿ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಟ್ಟನಡುವೆ ಇಟ್ಟರೆ 24 ಕೊಂಡಿ ಆಚೆಗೆ 12 ಇಂಚಿನ ಗೆರೆ ಇನ್ನೊಂದು ಪಿನ್ನಿನ ನಟ್ಟನಡುವೆಯೇ ಬರಬೇಕು. ಅಳೆಯುವಾಗ ಚೈನು ಬಿಗಿಯಾಗಿ ಎಳೆದಿರಬೇಕು. ಪೆಡಲ್ಲಿನ ಮೇಲೆ ಸ್ವಲ್ಪ ಕೈಭಾರ ಹಾಕಿ ಮೇಲಿನ ಸಾಲಲ್ಲೇ ಅಳೆದರೆ ಒಳ್ಳೆಯದು.

ಪಿನ್ನು 12 ಇಂಚಿನ ಗೆರೆ ದಾಟಿ ಇಂಚಿನ ಹದಿನಾರನೇ ಒಂದು ಭಾಗ ಆಚೆ ಹೋಗಿದ್ದರೆ ಚೈನು ಬದಲಾಯಿಸುವ ಕಾಲ ಬಂತು ಅಂತ ಅರ್ಥ. ಅಲ್ಲಿಗೇ ಬದಲಾಯಿಸಿದರೆ ಫ್ರೀವೀಲ್ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಎಂಟನೇ ಒಂದು ಭಾಗ, ಬಡಗಿಗಳು ಒಂದು ನೂಲು ಅಂತಾರಲ್ಲ, ಅಷ್ಟು ಹೋಗಿದ್ದರೆ ಹಿಂದಿನ ಹಲ್ಲುಗಳೂ ಜೊತೆಗೆ ಸವೆದಿರುತ್ತವೆ.

ಇವಳದ್ದು ಸರಿಯಾಗಿ ಒಂದು ನೂಲು.

"ಕಬ್ಬಿಣ ರಬ್ಬರ್ ಥರ ಎಳೆದುಕೊಳ್ಳತ್ತಾ?"

ಇಲ್ಲ. ತಟ್ಟೆಗಳು ಒಂದಿಷ್ಟೂ ಎಳೆದುಕೊಳ್ಳುವುದಿಲ್ಲ. ಒಂದು ತುಂಡು ಹಳೇ ಚೈನಿನ ಪಿನ್ನು ಹೊಡೆದು ತೆಗೆದು ಅವಳ ಅಂಗೈಗೆ ಹಾಕಿದೆ. ನಡುವಲ್ಲಿ ಉಗುರಿಗೆ ತಗಲುವಷ್ಟು ಹಳ್ಳ ಬಿದ್ದಿತ್ತು. ಚೈನು ಪ್ರತಿ ಸಲ ಹಲ್ಲಿನ ಮೇಲೆ ಬಗ್ಗುವಾಗ ಆ ಪಿನ್ನು ತನ್ನ ತೂತಿನೊಳಗೆ ಚೂರು ತಿರುಗುತ್ತದೆ. ಎಣ್ಣೆಯಿಲ್ಲದೆ, ಧೂಳು ಕೂತು ತಿರುಗಿದರೆ ಅರದಿಂದ ಉಜ್ಜಿದ ಹಾಗೇ. 12 ಇಂಚಿಗೆ ಒಂದು ನೂಲು ಅಂದರೆ ಒಂದೊಂದು ಕೀಲಲ್ಲಿ ಆದ ಸವೆತ ಮಿಲಿಮೀಟರಿನ ಎಂಟನೇ ಒಂದು ಭಾಗ ಮಾತ್ರ, ನೋಟ್‌ಬುಕ್ಕಿನ ಒಂದು ಹಾಳೆಗಿಂತ ಸ್ವಲ್ಪ ದಪ್ಪ. ಆದರೆ 106 ಕೀಲಿನ ಸವೆತ ಒಟ್ಟಾದರೆ ಅವಳ 53 ಇಂಚಿನ ಚೈನು ಅರ್ಧ ಇಂಚು ಬೆಳೆದಿತ್ತು.

ಹಲ್ಲುಗಳ ಅಂತರ ಅರ್ಧ ಇಂಚೇ. ಚೈನಿನ ಅಂತರ ಮಾತ್ರ ಹೆಚ್ಚಾಗಿದೆ. ಆಗ ಚೈನಿನ ಉರುಳೆ ಹಲ್ಲಿನ ತಳದಲ್ಲಿ ಕೂರುವ ಬದಲು ಹಲ್ಲಿನ ಬೆನ್ನು ಹತ್ತಿ ಕೂರುತ್ತದೆ. ಹತ್ತಿ ಹತ್ತಿ ಆ ಹಲ್ಲನ್ನೂ ತನ್ನ ಅಳತೆಗೆ ಕೊರೆದುಕೊಳ್ಳುತ್ತದೆ. ಬ್ರಷ್ಷು, ಸೀಮೆಎಣ್ಣೆ ಹಾಕಿ ಫ್ರೀವೀಲ್ ಉಜ್ಜಿ ತೋರಿಸಿದೆ. 22, 24, 28ರ ಹಲ್ಲುಗಳು ಎರಡೂ ಕಡೆ ಒಂದೇ ಥರ ಇದ್ದವು. 16ರ ಹಲ್ಲುಗಳು ಮಾತ್ರ ಗರಗಸದ ಹಲ್ಲಿನ ಹಾಗೆ ಒಂದೇ ಪಕ್ಕಕ್ಕೆ ಬಾಗಿ ಚೂಪಾಗಿದ್ದವು.

"ಇದು ಆರನೇ ಗೇರು" ಅಂದಳು, ನಾನು ಹೇಳುವ ಮೊದಲೇ.

ಚಿಕ್ಕ ಹಲ್ಲುಚಕ್ರಕ್ಕೆ ಇನ್ನೂ ಒಂದು ಕಷ್ಟ ಇದೆ. ಚೈನು ಯಾವ ಚಕ್ರವನ್ನಾದರೂ ಸುಮಾರು ಅರ್ಧದಷ್ಟು ಮಾತ್ರ ಸುತ್ತಿಕೊಳ್ಳುತ್ತದೆ. 28ರದ್ದಾದರೆ ಹದಿನಾಲ್ಕು ಹಲ್ಲು ಸೇರಿ ಭಾರ ಹೊರುತ್ತವೆ. 16ರಲ್ಲಿ ಎಂಟೇ ಹಲ್ಲು. ಅದರ ಮೇಲೆ ಏರಿನಲ್ಲಿ ಎದ್ದು ನಿಂತು ತುಳಿಯುವುದು. ವರ್ಷಗಟ್ಟಲೆ ಏಳು ಜನರ ಕೆಲಸವನ್ನು ಒಬ್ಬನ ಕೈಲೇ ಮಾಡಿಸಿದಂತೆ.

ಹೊಸ ಚೈನು ಹಾಕಿದ ಮೇಲೆ ಇನ್ನೂ ಜೋರಾಗಿ ಜಾರಿತು

ಚೈನ್ ಕಟ್ಟರಿನಿಂದ ಒಂದು ಪಿನ್ನು ತಳ್ಳಿ ಹಳೇ ಚೈನು ಇಳಿಸಿದೆ. ಹೊಸದು ಕೊಳ್ಳುವಾಗ ಅಗಲ ನೋಡಿಕೊಳ್ಳಿ. ಆರು, ಏಳು, ಎಂಟು ಗೇರಿನ ಸೈಕಲ್ಲಿಗೆ ಒಂದೇ ಥರದ ತೆಳು ಚೈನು ಆಗುತ್ತದೆ. ಕರಿ ಸೈಕಲ್ಲಿನ ಚೈನು ಅದಕ್ಕಿಂತ ಅಗಲ. ಅದನ್ನು ಇದಕ್ಕೆ ಹಾಕಿದರೆ ಗೇರು ಬೀಳುವುದಿಲ್ಲ, ಇದನ್ನು ಅದಕ್ಕೆ ಹಾಕಿದರೆ ದಪ್ಪ ಹಲ್ಲಿನ ಮೇಲೆ ಕೂರುವುದೇ ಇಲ್ಲ.

ಉದ್ದದ ವಿಷಯದಲ್ಲಿ ಹೊಸಬರು ತಪ್ಪು ಮಾಡುವ ಜಾಗ ಒಂದಿದೆ. ಹಳೇ ಚೈನನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಅದೇ ಉದ್ದಕ್ಕೆ ಕತ್ತರಿಸುತ್ತಾರೆ. ಹಳೆಯದು ಅರ್ಧ ಇಂಚು ಬೆಳೆದಿರುವುದರಿಂದ ಲೆಕ್ಕ ಒಂದು ಕೊಂಡಿ ತಪ್ಪಿ ಹೋಗುತ್ತದೆ. ಆದ್ದರಿಂದ ಕೊಂಡಿ ಎಣಿಸಬೇಕು. ಹುಡುಗಿಯೇ ಎಣಿಸಿದಳು, ಹತ್ತತ್ತಕ್ಕೆ ಒಂದು ಚಾಕ್ ಗುರುತು ಹಾಕಿಕೊಂಡು. ಎರಡು ತುದಿ ಕೂಡಿಸುವ ಲಾಕೂ ಸೇರಿ 106ಕ್ಕೆ ಕತ್ತರಿಸಿದೆ. ಲಾಕ್ ಹಾಕುವ ಚೈನಿಗೆ ಎರಡೂ ತುದಿ ಒಳತಟ್ಟೆಯ ಕಿರಿದಾದ ಕೊಂಡಿಯೇ ಆಗಿರಬೇಕು, ಇಲ್ಲದಿದ್ದರೆ ಲಾಕ್ ಕೂರದು.

ಹಿಂದಿನ ತೋಳಿನೊಳಗೆ ಚೈನು ಹಾಯಿಸುವಾಗ ಎರಡು ಪುಟ್ಟ ಚಕ್ರಗಳ ನಡುವೆ ಒಂದು ಚಿಕ್ಕ ತಗಡಿನ ನಾಲಗೆ ಇರುತ್ತದೆ, ಚೈನು ಅದರ ಒಳಗಡೆಯಿಂದ ಬರಬೇಕು. ತಪ್ಪಿ ಹೊರಗಿನಿಂದ ಬಂದರೆ ಸೈಕಲ್ಲು ಓಡುತ್ತದೆ, ಆದರೆ ದಿನವೆಲ್ಲ ಕರಕರ ಅನ್ನುತ್ತದೆ. ನಾನೂ ಒಂದು ಸಲ ಹಾಗೆ ಹಾಕಿ, ಶಬ್ದ ಎಲ್ಲಿಂದ ಅಂತ ಅರ್ಧ ಗಂಟೆ ಹುಡುಕಿದ್ದೇನೆ.

ಲಾಕಿನ ಎರಡು ಅರ್ಧಗಳನ್ನು ಸೇರಿಸಿ, ಅದು ಮೇಲಿನ ಸಾಲಿಗೆ ಬರುವಂತೆ ತಿರುಗಿಸಿ, ಬ್ರೇಕ್ ಹಿಡಿದು ಪೆಡಲ್ ಒತ್ತಿದರೆ ಟಕ್ಕಂತ ಕೂರುತ್ತದೆ. ಕರಿ ಸೈಕಲ್ಲಿನ ಲಾಕ್ ಬೇರೆ ಥರ, ಅದರ ಮೇಲೆ ಕವಲಿರುವ ಒಂದು ಕ್ಲಿಪ್ ಇರುತ್ತದೆ. ಅದರ ಮುಚ್ಚಿದ ಬದಿ ಚೈನು ಓಡುವ ದಿಕ್ಕಿಗೆ ಇರಬೇಕು, ಬಾಯಿ ಹಿಂದಕ್ಕೆ. ಉಲ್ಟಾ ಹಾಕಿದರೆ ಏನಾದರೂ ತಗುಲಿ ಕ್ಲಿಪ್ಪು ಹಾರಿ ಹೋಗುತ್ತದೆ.

ಈಗ ಪರೀಕ್ಷೆ. ಅವಳು ಬ್ರೇಕ್ ಹಿಡಿದಳು, ನಾನು ಒತ್ತಿದೆ. ನಾಲ್ಕು, ಐದು, ಏಳು ಎಲ್ಲವೂ ಕಲ್ಲಿನಂತೆ ನಿಂತವು. ಆರಕ್ಕೆ ಹಾಕಿ ಒತ್ತಿದರೆ ಕಟ್ ಕಟ್ ಕಟ್, ಮೊದಲಿಗಿಂತ ಕಡಿಮೆ ಬಲಕ್ಕೇ ಹಾರಿತು.

"ಹೊಸದು ಹಾಕಿದ್ಮೇಲೆ ಜಾಸ್ತಿ ಆಯ್ತಲ್ಲ ತಾತ!"

ಇದೇ ಮಾತು ಹೇಳಿಕೊಂಡು ಗಿರಾಕಿಗಳು ಜಗಳಕ್ಕೆ ಬರುತ್ತಾರೆ, ಚೈನು ಡೂಪ್ಲಿಕೇಟು ಅನ್ನುತ್ತಾರೆ. ಹಳೇ ಚೈನೂ ಹಳೇ ಹಲ್ಲೂ ಜೊತೆಜೊತೆಗೇ ಸವೆದಿದ್ದವು, ಹೇಗೋ ಹೊಂದಿಕೊಂಡು ಓಡುತ್ತಿದ್ದವು. ಹೊಸ ಚೈನಿಗೆ ಸರಿಯಾದ ಅರ್ಧ ಇಂಚಿನ ಅಳತೆ ಇದೆ, ಆ ಬಾಗಿದ ಹಲ್ಲುಗಳ ಮೇಲೆ ಅದು ಒಂದೋ ಎರಡೋ ಹಲ್ಲನ್ನು ಮಾತ್ರ ಹಿಡಿಯುತ್ತದೆ. ಉಳಿದವು ಕೈ ಕೊಡುತ್ತವೆ. ಸವೆದ ಹಲ್ಲನ್ನು ಅರ ಹಾಕಿ ಉಜ್ಜಿ ಸರಿಮಾಡುತ್ತೇವೆ ಅನ್ನುವವರಿದ್ದಾರೆ. ನಾನು ಮಾಡುವುದಿಲ್ಲ. ಮೇಲಿನ ಗಟ್ಟಿ ಪದರ ಹೋದರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಕಥೆ.

ಅಷ್ಟರಲ್ಲಿ ಬಂದಿದ್ದ ಅಪ್ಪನಿಗೆ ಎರಡು ದಾರಿ ಹೇಳಿದೆ. ಆರನೇ ಗೇರು ಮುಟ್ಟದೆ ಉಳಿದ ಆರರಲ್ಲಿ ಓಡಿಸಿಕೊಂಡಿರಬಹುದು, ಖರ್ಚಿಲ್ಲ. ಇಲ್ಲವಾದರೆ ಫ್ರೀವೀಲನ್ನೂ ಬದಲಾಯಿಸಬೇಕು. ಏಳರಲ್ಲಿ ಒಂದು ಹಲ್ಲುಚಕ್ರ ಮಾತ್ರ ಬಿಡಿಯಾಗಿ ನನಗೆ ಸಿಗುವುದಿಲ್ಲ, ಪೂರ್ತಿ ಗಡ್ಡೆಯನ್ನೇ ಹಾಕಬೇಕು. ಅಪ್ಪ ಮಗಳ ಮುಖ ನೋಡಿದರು. ಅವಳು ಮೊಣಕಾಲು ನೋಡಿಕೊಂಡಳು. ಹೊಸದು ಹಾಕಿ ಅಂದರು.

ಫ್ರೀವೀಲ್ ಬಿಚ್ಚುವುದು

ಹಿಂದಿನ ಚಕ್ರ ಬಿಚ್ಚಿ, ಬಲಗಡೆ ಆಕ್ಸಲ್ ನಟ್ ತೆಗೆದು, ಫ್ರೀವೀಲಿನ ಒಳಗಿನ ಗೀರುಗಳಿಗೆ ರಿಮೂವರ್ ಕೂರಿಸಿದೆ. ಇಲ್ಲಿ ಅವಸರ ಮಾಡಬಾರದು. ರಿಮೂವರ್ ಜಾರಿದರೆ ಒಳಗಿನ ಗೀರು ಕಿತ್ತುಹೋಗಿ ಮತ್ತೆ ಬಿಚ್ಚುವುದೇ ಕಷ್ಟ. ಅದಕ್ಕೇ ರಿಮೂವರ್ ಮೇಲೆ ಅದೇ ಆಕ್ಸಲ್ ನಟ್ಟನ್ನು ತಿರುಗಿಸಿ ಹಗುರವಾಗಿ ಹಿಡಿಸಿಡುತ್ತೇನೆ. ಚಕ್ರ ಮಲಗಿಸಿ ರಿಮೂವರನ್ನು ವೈಸಿಗೆ ಕಚ್ಚಿಸಿ, ಟೈರನ್ನು ಎರಡೂ ಕೈಲಿ ಬಸ್ಸಿನ ಸ್ಟೇರಿಂಗ್ ಹಿಡಿದಂತೆ ಹಿಡಿದು ಎಡಕ್ಕೆ ತಿರುಗಿಸಿದರೆ ಒಂದೇ ಏಟಿಗೆ ಟಕ್ ಅಂತ ಬಿಡುತ್ತದೆ. ಬಿಟ್ಟ ಕೂಡಲೇ ಆಕ್ಸಲ್ ನಟ್ ಸಡಿಲಿಸಬೇಕು, ಇಲ್ಲದಿದ್ದರೆ ಹೊರಗೆ ಬರುತ್ತಿರುವ ಫ್ರೀವೀಲು ಅದಕ್ಕೇ ಒತ್ತಿಕೊಳ್ಳುತ್ತದೆ.

"ಇಷ್ಟು ಬಿಗಿ ಯಾರು ಮಾಡಿದ್ದು?"

"ನೀನೇ. ತುಳಿದಾಗಲೆಲ್ಲ ಅದು ಇನ್ನೂ ಬಿಗಿಯಾಗ್ತಾ ಹೋಗತ್ತೆ."

ಹೊಸದೂ 14ರಿಂದ 28ರದ್ದೇ ತೆಗೆದುಕೊಂಡೆ, ಹಾಗಾಗಿ ಚೈನಿನ ಉದ್ದ ಬದಲಾಗದು. ಚಕ್ರದ ನಡುವಿನ ಹಬ್ಬಿನ ತಿರುಪಿನ ಎಳೆಗೆ ಗ್ರೀಸ್ ಸವರಿ ಬೆರಳಲ್ಲೇ ತಿರುಗಿಸಿ ಹಾಕಬೇಕು. ಮೊದಲ ಸುತ್ತಿಗೇ ಸಿಕ್ಕಿಕೊಂಡರೆ ಎಳೆ ತಪ್ಪಿದೆ ಅಂತ ಲೆಕ್ಕ, ಬಿಚ್ಚಿ ಮತ್ತೆ ಹಾಕಿ. ಸ್ಪ್ಯಾನರ್ ಹಾಕಿ ಒತ್ತಾಯ ಮಾಡಿದರೆ ಹಬ್ಬೇ ಹೋಗುತ್ತದೆ. ಕೊನೆಯ ಬಿಗಿ ಕೊಡುವ ಕೆಲಸ ಅವಳ ಕಾಲಿಗೆ ಬಿಟ್ಟದ್ದು.

ಚಕ್ರ ಕೂರಿಸಿ ಗೇರಿನ ಕೇಬಲ್ ಹೊಂದಿಸಿದೆ. ಇದು ಮನೆಯಲ್ಲೂ ಮಾಡಿಕೊಳ್ಳಬಹುದಾದ ಕೆಲಸ. ಚೈನು ಅತಿ ಚಿಕ್ಕ ಹಲ್ಲುಚಕ್ರದಲ್ಲಿರಲಿ. ಪೆಡಲ್ ತಿರುಗಿಸುತ್ತಾ ಏಳರಿಂದ ಆರಕ್ಕೆ ಒಂದು ಕ್ಲಿಕ್ ಹಾಕಿ. ಚೈನು ಹತ್ತದೆ ಅಲ್ಲೇ ತಡವರಿಸಿದರೆ ಕೇಬಲ್ ಸಡಿಲ ಇದೆ. ಕೇಬಲ್ಲು ತೋಳಿನೊಳಗೆ ಹೋಗುವ ಜಾಗದ ತಿರುಪನ್ನು, ಹಿಂದುಗಡೆಯಿಂದ ನೋಡಿದಂತೆ ಎಡಕ್ಕೆ ಅರ್ಧ ಸುತ್ತು ಬಿಚ್ಚಿದರೆ ಕೇಬಲ್ ಬಿಗಿಯಾಗುತ್ತದೆ. ಚೈನು ಒಂದರ ಬದಲು ಎರಡು ಹೆಜ್ಜೆ ಹತ್ತಿದರೆ, ಅಥವಾ ಪಕ್ಕದ ದೊಡ್ಡ ಹಲ್ಲುಚಕ್ರಕ್ಕೆ ಉಜ್ಜಿ ಚರಚರ ಅಂದರೆ, ಬಲಕ್ಕೆ ತಿರುಗಿಸಿ. ತೋಳಿನ ಮೇಲೆ ಇರುವ ಎರಡು ಪುಟ್ಟ ಸ್ಕ್ರೂಗಳನ್ನು ಸುಮ್ಮಸುಮ್ಮನೆ ಮುಟ್ಟಬೇಡಿ. ಚೈನು ಆಚೆ ಫ್ರೇಮಿಗೋ ಈಚೆ ಚಕ್ರದ ಕಡ್ಡಿಗಳಿಗೋ ಬೀಳದಂತೆ ತಡೆಯುವ ಗಡಿಗಳು ಅವು. ಕಡ್ಡಿಯ ಕಡೆಯದ್ದು ತಪ್ಪಿದರೆ ತೋಳೇ ಚಕ್ರಕ್ಕೆ ಸಿಕ್ಕಿ ಮುರಿದುಹೋಗುತ್ತದೆ.

ಎಣ್ಣೆ ಅವಳ ಕೈಲೇ ಹಾಕಿಸಿದೆ. ಚೈನಿನ ಒಳಮೈಗೆ, ಒಂದೊಂದು ಉರುಳೆಗೆ ಒಂದೊಂದು ತೊಟ್ಟು. ಹತ್ತು ನಿಮಿಷ ಬಿಟ್ಟು ಹೊರಗಿನದನ್ನೆಲ್ಲ ಬಟ್ಟೆಯಲ್ಲಿ ಒರೆಸಿಬಿಡಬೇಕು, ಎಣ್ಣೆ ಬೇಕಿರುವುದು ಒಳಗಿನ ಪಿನ್ನಿಗೆ. ಬೈಕಿನಿಂದ ತೆಗೆದ ಕರಿ ಆಯಿಲ್ ಸುರಿಯುವವರಿಗೆ ನಾನು ಹೇಳಿ ಹೇಳಿ ಸಾಕಾಗಿದೆ. ಅದರಲ್ಲಿ ಇಂಜಿನ್ನಿನ ಸವೆತದ ಕಬ್ಬಿಣದ ಪುಡಿಯೇ ಇರುತ್ತದೆ.

ಗೇರು ಬದಲಾಯಿಸುವುದು

"ಹಾಗಾದ್ರೆ ಬದಲಾಯಿಸಿದ್ರೆ ಬಿದ್ದೋಗಲ್ವಾ?"

"ನಿಂತಾಗ ಬದಲಾಯಿಸ್ಬೇಡ. ಚೈನು ಓಡ್ತಾ ಇದ್ರೇನೇ ಅದು ಪಕ್ಕದ ಚಕ್ರ ಹತ್ತೋದು. ಮೈಭಾರ ಹಾಕಿ ತುಳೀತಾ ಇರೋವಾಗ್ಲೂ ಬೇಡ. ಕಾಲು ಹಗುರ ಮಾಡಿ, ತುಳೀತಾನೇ ಇದ್ದು, ಒಂದೊಂದೇ ಕ್ಲಿಕ್. ಏರು ಶುರುವಾದ್ಮೇಲೆ ಅಲ್ಲ, ಏರು ಕಣ್ಣಿಗೆ ಬೀಳ್ತಿದ್ದ ಹಾಗೇ ಮೂರಕ್ಕೋ ಎರಡಕ್ಕೋ ಇಳಿಸ್ಕೋ. ಸಮ ರಸ್ತೇಲಿ ನಾಲ್ಕೋ ಐದೋ. ಮೊಣಕಾಲು ನೋಯ್ತು ಅಂದ್ರೆ ಒಂದು ಗೇರ್ ಇಳಿಸು, ಕಾಲು ಖಾಲಿ ಕುಣೀತು ಅಂದ್ರೆ ಒಂದು ಏರಿಸು."

ರಸ್ತೆಯ ತುದಿವರೆಗೆ ಹೋಗಿ ಬಂದಳು. ಅಲ್ಲಿಂದಲೇ ಕ್ಲಿಕ್ ಕ್ಲಿಕ್ ಕೇಳುತ್ತಿತ್ತು, ಬೇಕಿದ್ದಕ್ಕಿಂತ ಜಾಸ್ತಿಯೇ. ಆರನೇ ಗೇರಲ್ಲಿ ಎದ್ದು ನಿಂತು ತುಳಿದು ನೋಡಿದಳಂತೆ, ಹಾರಲಿಲ್ಲ.

ಅಪ್ಪ ದುಡ್ಡು ಎಣಿಸುತ್ತಿದ್ದಾಗ ಅವಳು ಪಂಚರಿಗೆ ಬಂದಿದ್ದ ಇನ್ನೊಂದು ಸೈಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಳು. ಅದರ ಮೇಲೆ ದೊಡ್ಡದಾಗಿ 21 ಸ್ಪೀಡ್ ಅಂತ ಬರೆದಿತ್ತು. ಮುಂದೆ ಮೂರು ಚೈನ್‌ವೀಲ್, 24, 34, 42. ಹಿಂದೆ ಇವಳದ್ದೇ ಥರದ ಏಳು. ನನ್ನ ಚಾಕ್‌ಪೀಸ್ ತೆಗೆದುಕೊಂಡು ನೆಲದ ಮೇಲೆ ಮೂರು ಸಾಲಲ್ಲಿ ಭಾಗಾಕಾರ ಬರೆದಿದ್ದಳು. 42 ಭಾಗಿಸು 28, ಒಂದೂವರೆ. 24 ಭಾಗಿಸು 16, ಒಂದೂವರೆ. ಎರಡಕ್ಕೂ ಸುತ್ತು ಹಾಕಿದ್ದಳು.

"ತಾತ, ಇದರಲ್ಲಿ ಎರಡು ಗೇರು ಒಂದೇ! 21 ಇಲ್ಲ!"

"ಇನ್ನೂ ನೋಡು, ಹತ್ತಿರ ಹತ್ತಿರದ್ದು ಬೇರೆ ಸಿಗತ್ತೆ" ಅಂದೆ. ಅಪ್ಪ ಸೈಕಲ್ ಹತ್ತಿ ಕರೆಯುತ್ತಿದ್ದರು. ಅವಳು ಕೈಯಾಡಿಸಿ ಅವರನ್ನು ಇರಿ ಅಂದು, 34ರ ಸಾಲು ಶುರು ಮಾಡಿದಳು.